ಲಾಕ್‌ಔಟ್ ಟ್ರೈನಿಂಗ್ ವಿಡಿಯೋಗೆ ಕನ್ನಡ ಸಬ್‌ಟೈಟಲ್: 42 ಕ್ಯಾರೆಕ್ಟರಿನೊಳಗೆ ಕೂರಿಸಿದ್ದು ಹೇಗೆ

ಕನ್ನಡ ಸಬ್‌ಟೈಟಲ್ ಎರಡು ಸಾಲಲ್ಲಿ ಹಿಡಿಯಲ್ಲ, ಓದೋಕೆ ಟೈಮೂ ಸಾಲಲ್ಲ ಅಂತ ಏಜೆನ್ಸಿಯವರು ನಂಗೆ ಎರಡು ವರ್ಷ ಹೇಳ್ತಾ ಬಂದ್ರು. ಈಗ ಹಿಡಿದಿದೆ. ಅದಕ್ಕೇ ಬರೀತಿದೀನಿ.

ಕೆಲಸ ಬಂದಿದ್ದು ಒಂದು ಫ್ಯಾಕ್ಟರಿಯ ಸೇಫ್ಟಿ ವಿಡಿಯೋ, ಸುಮಾರು 24 ನಿಮಿಷ, ಲಾಕ್‌ಔಟ್-ಟ್ಯಾಗ್‌ಔಟ್ ಬಗ್ಗೆ. ಮಷೀನ್ ರಿಪೇರಿಗೆ ಮೊದಲು ಪವರ್ ಕಟ್ ಮಾಡಿ ತಮ್ಮ ತಮ್ಮ ಬೀಗ ಹಾಕ್ಕೊಳ್ಳೋದು, ಗೊತ್ತಲ್ಲ. ಆಡಿಯೋ ಇಂಗ್ಲಿಷಲ್ಲೇ ಇರುತ್ತೆ, ಕೆಳಗೆ ಕನ್ನಡ. ಕ್ಲೈಂಟ್ ಕೊಟ್ಟ ಲಿಮಿಟ್ ಇಂಗ್ಲಿಷಿಗೆ ಸಾಮಾನ್ಯವಾಗಿ ಬಳಸೋದೇ: ಸಾಲಿಗೆ 42 ಕ್ಯಾರೆಕ್ಟರ್, ಎರಡೇ ಸಾಲು, ಸೆಕೆಂಡಿಗೆ 17. ರೇಟ್ ನಿಮಿಷಕ್ಕೆ 150 ರೂಪಾಯಿ, ಅಂದ್ರೆ ಒಟ್ಟು 3,600. ಎರಡು ದಿನದ ಕೆಲಸ ಅಂದ್ಕೊಂಡಿದ್ದೆ, ಹನ್ನೊಂದು ದಿನ ಹಿಡೀತು, ಮೂರು ಸಲ ವಾಪಸ್ ಬಂತು, ರಿವಿಷನ್‌ಗೆ ಒಂದು ಪೈಸಾನೂ ಹೆಚ್ಚಿಗೆ ಸಿಗಲಿಲ್ಲ.

ಮೊದಲನೇ ಸಲ ಸ್ಕ್ರಿಪ್ಟ್ ಇದ್ದ ಹಾಗೇ ಅನುವಾದ ಮಾಡಿ ಕಳಿಸಿದ್ದೆ. ಒಂದು ವಾಕ್ಯ ಹೀಗಿತ್ತು: "ಯಾವುದೇ ನಿರ್ವಹಣೆ ಅಥವಾ ದುರಸ್ತಿ ಚಟುವಟಿಕೆಯನ್ನು ಕೈಗೊಳ್ಳುವ ಮೊದಲು ಉಪಕರಣವನ್ನು ಅದರ ಎಲ್ಲಾ ಶಕ್ತಿ ಮೂಲಗಳಿಂದ ಸಂಪೂರ್ಣವಾಗಿ ಪ್ರತ್ಯೇಕಿಸಲಾಗಿದೆ ಎಂಬುದನ್ನು ಯಾವಾಗಲೂ ಖಚಿತಪಡಿಸಿಕೊಳ್ಳಿ." ಇದು 150 ಕ್ಯಾರೆಕ್ಟರಿನ ಮೇಲೆ, ನರೇಟರ್ ಇದನ್ನ ಹೇಳಿ ಮುಗಿಸೋದು ಎಂಟು ಸೆಕೆಂಡಲ್ಲಿ. ಸಬ್‌ಟೈಟಲ್ ಎಡಿಟ್ ಅನ್ನೋ ಸಾಫ್ಟ್‌ವೇರಲ್ಲಿ ಲಿಮಿಟ್ ಮೀರಿದ ಸಾಲು ಕೆಂಪಾಗುತ್ತೆ, ನನ್ನ ಫೈಲ್ ಪೂರ್ತಿ ಕೆಂಪು.

ಎರಡನೇ ಸಲ ಉದ್ದ ಸಾಲುಗಳನ್ನ ಕತ್ತರಿಸಿ ಎರಡೆರಡು ಟೈಟಲ್, ಅಂದ್ರೆ ಒಂದಾದ್ಮೇಲೆ ಒಂದು ಬರೋ ಎರಡು ಸಬ್‌ಟೈಟಲ್ ಮಾಡಿದೆ. ಕೆಂಪು ಕಮ್ಮಿ ಆಯ್ತು, ಆದ್ರೆ ಅದಕ್ಕಿಂತ ದೊಡ್ಡ ತಪ್ಪು ನುಸುಳಿತು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, "ಬೇಡ" ಅನ್ನೋದು ಅದರ ಬಾಲದಲ್ಲಿರುತ್ತೆ. ಮೊದಲ ಟೈಟಲ್‌ನಲ್ಲಿ "ಮಷೀನ್ ನಿಂತಿದೆ ಅಂತ ಗಾರ್ಡ್ ತೆಗೆದು" ಅಂತ ಬಂತು, ಸ್ಕ್ರೀನ್ ಮೇಲೆ ಅದೇ ಹೊತ್ತಿಗೆ ಒಬ್ಬ ಮಷೀನಿನ ರಕ್ಷಣೆಯ ಮುಚ್ಚಳ, ಅಂದ್ರೆ ಗಾರ್ಡ್, ತೆಗೀತಿದಾನೆ, ಎರಡು ಸೆಕೆಂಡ್ ಆದ್ಮೇಲೆ "ಒಳಗೆ ಕೈ ಹಾಕಬೇಡಿ" ಬಂತು. ಅಷ್ಟರೊಳಗೆ ನೋಡೋನು ಅದನ್ನೇ ಮಾಡಬೇಕಾದ ಸ್ಟೆಪ್ ಅಂತ ಓದ್ಕೊಂಡಿರ್ತಾನೆ. ಫ್ಯಾಕ್ಟರಿಯ ಸೇಫ್ಟಿ ಆಫೀಸರ್ ಇದನ್ನ ಹಿಡಿದ್ರು, ಹಿಡಿದಿದ್ದು ಒಳ್ಳೇದೇ ಆಯ್ತು. ಆಮೇಲೆ ನಾನು ಹಾಕ್ಕೊಂಡ ನಿಯಮ ಒಂದೇ: ಎಚ್ಚರಿಕೆಯ ವಾಕ್ಯ ಯಾವತ್ತೂ ಎರಡು ಟೈಟಲ್‌ಗೆ ಹರೀಬಾರ್ದು. "ಗಾರ್ಡ್ ತೆಗೀಬೇಡಿ", ಕೆಳಸಾಲಲ್ಲಿ "ಮಷೀನ್ ನಿಂತಿದ್ರೂ ಕೈ ಹಾಕಬೇಡಿ", ಎರಡೂ ಒಂದೇ ಟೈಟಲ್. ಒಡೀಲೇಬೇಕು ಅಂದ್ರೆ ಮೊದಲ ಪದವೇ "ಯಾವ ಕಾರಣಕ್ಕೂ" ಅಂತ ಹಾಕ್ತೀನಿ. ಹನ್ನೆರಡು ಕ್ಯಾರೆಕ್ಟರ್ ತಿನ್ನುತ್ತೆ ನಿಜ, ಆದ್ರೆ ಅದನ್ನ ಓದಿದ ತಕ್ಷಣ ಮುಂದೆ "ಬೇಡ" ಬರುತ್ತೆ ಅಂತ ಕನ್ನಡದೋರಿಗೆ ಗೊತ್ತಾಗುತ್ತೆ.

ಮೂರನೇ ಸಲಕ್ಕೆ ಎಣಿಕೆ ಮೇಲೇ ಅನುಮಾನ ಬಂತು. "ಸ್ಕ್ರೂ" ಅನ್ನೋದು ಕಣ್ಣಿಗೆ ಒಂದೇ ಅಕ್ಷರ. ಸಾಫ್ಟ್‌ವೇರ್ ಅದನ್ನ ಆರು ಅಂತ ಎಣಿಸುತ್ತೆ: ಸ, ವಿರಾಮ, ಕ, ವಿರಾಮ, ರ, ದೀರ್ಘ ಊಕಾರ. ವಿರಾಮ ಅಂದ್ರೆ ಅರ್ಧಾಕ್ಷರ ಮಾಡೋ ಗುರುತು. "ಸರ" ಅಂದ್ರೆ ಎರಡೇ. ಹಂಗಾಗಿ ಒತ್ತಕ್ಷರ ಜಾಸ್ತಿ ಇರೋ ಸಾಲು ಸ್ಕ್ರೀನ್ ಮೇಲೆ ಪುಟ್ಟದಾಗೇ ಇದ್ರೂ ಕೆಂಪಾಗ್ತಿತ್ತು, ಸರಳ ಅಕ್ಷರದ ಸಾಲು ಅಂಚಿನವರೆಗೂ ಹೋಗಿದ್ರೂ ಕೆಂಪಾಗ್ತಿರಲಿಲ್ಲ. ಕೂತ್ಕೊಂಡು ಅಕ್ಷರ ಎಣಿಸೋಕೆ ಚಿಕ್ಕದೊಂದು ಪೈಥಾನ್ ಬರ್ದೆ:

```python
import re
def akshara(s):
    return len(re.findall(r'(?<!\u0ccd)[\u0c85-\u0cb9]', s))
```

ಹಿಂದೆ ವಿರಾಮ ಇಲ್ಲದ ವ್ಯಂಜನ, ಸ್ವರ ಮಾತ್ರ ಲೆಕ್ಕಕ್ಕೆ ಬರುತ್ತೆ, ಒತ್ತು, ಕಾಗುಣಿತ, ಸ್ಪೇಸ್ ಬರಲ್ಲ. "ಸಾಫ್ಟ್‌ವೇರ್" ಅನ್ನೋವಾಗ ಮಧ್ಯೆ ಹಾಕೋ ಕಾಣದ ಕ್ಯಾರೆಕ್ಟರ್ ಅಳಿಸಬೇಡಿ, ಅಳಿಸಿದ್ರೆ ವ ಒತ್ತಾಗಿ ಟ ಕೆಳಗೆ ಹೋಗಿ ಕೂರುತ್ತೆ, ಎಣಿಕೇನೂ ಕೆಡುತ್ತೆ. ಈ ಲೆಕ್ಕದಲ್ಲಿ ಮೇಲಿನ ಉದ್ದ ವಾಕ್ಯ 74 ಅಕ್ಷರ, ಸೆಕೆಂಡಿಗೆ ಒಂಬತ್ತು. ಇದು ಜನ ಓದಿ ಮುಗಿಸೋ ವೇಗ ಅಲ್ಲ.

ಎಷ್ಟು ಓದ್ತಾರೆ ಅಂತ ನೋಡೋಕೆ ಫ್ಯಾಕ್ಟರಿ ಕ್ಯಾಂಟೀನ್‌ನಲ್ಲಿ ಟೀ ಹೊತ್ತಲ್ಲಿ ನಾಲ್ಕು ಜನ ಆಪರೇಟರ್‌ಗಳಿಗೆ ಸೌಂಡ್ ಆಫ್ ಮಾಡಿ ತೋರಿಸಿದೆ. ಪ್ರತಿ ಟೈಟಲ್ ಹೋದ್ಮೇಲೆ ವಿಡಿಯೋ ನಿಲ್ಲಿಸಿ "ಏನಂತಣ್ಣಾ?" ಅಂತ ಕೇಳಿದ್ದು, ಅಷ್ಟೆ. ಸೆಕೆಂಡಿಗೆ ಆರು ಅಕ್ಷರದ ಒಳಗಿದ್ದಾಗ ನಾಲ್ಕೂ ಜನ ಹೇಳಿದ್ರು. ಎಂಟು ಆದಾಗ ಒಬ್ಬರೇ. ನಾಲ್ಕು ಜನದ ಟೆಸ್ಟು ದೊಡ್ಡ ಪ್ರಮಾಣ ಏನಲ್ಲ, ಆದ್ರೆ ಆ ವಿಡಿಯೋ ನೋಡೋರು ಅವರೇ ತಾನೆ. ಅಲ್ಲಿಂದ ನನ್ನ ಲಿಮಿಟ್ ಸೆಕೆಂಡಿಗೆ ಆರು, ಸಾಲಿಗೆ ಇಪ್ಪತ್ತರ ಒಳಗೆ. ಕ್ಲೈಂಟಿನ 42, 17 ಎರಡೂ ಇದರೊಳಗೆ ಹೆಚ್ಚುಕಮ್ಮಿ ತಾನಾಗೇ ಪಾಸಾಗುತ್ತೆ, ಒತ್ತು ತುಂಬಿದ ಕೆಲವು ಸಾಲು ಬಿಟ್ಟು.

ಆ ವಾಕ್ಯ ಕೊನೆಗೆ ಹೀಗಾಯ್ತು. ಮೇಲಿನ ಸಾಲು "ರಿಪೇರಿಗೆ ಮೊದಲು ಕರೆಂಟ್, ಏರ್, ಹೈಡ್ರಾಲಿಕ್", ಕೆಳಗೆ "ಎಲ್ಲಾ ಕನೆಕ್ಷನ್ ಬಂದ್ ಮಾಡಿ". 26 ಅಕ್ಷರ, ಐದು ಸೆಕೆಂಡ್. ಉಳಿದ ಮೂರು ಸೆಕೆಂಡಿಗೆ "ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು". ಆ "ಸಂಪೂರ್ಣವಾಗಿ ಪ್ರತ್ಯೇಕಿಸಲಾಗಿದೆ" ಅನ್ನೋದರ ಅರ್ಥ ಶಾಪ್‌ಫ್ಲೋರಲ್ಲಿ ಇಷ್ಟೇ. ಮೊದಲು "ಮೂರೂ ಬಂದ್ ಮಾಡಿ" ಅಂತ ಬರ್ದಿದ್ದೆ, ಸೇಫ್ಟಿ ಆಫೀಸರ್ ಒಪ್ಪಲಿಲ್ಲ, ಸ್ಪ್ರಿಂಗಲ್ಲಿ, ಮೇಲೆತ್ತಿಟ್ಟ ಭಾರದಲ್ಲೂ ಶಕ್ತಿ ಉಳಿದಿರುತ್ತಲ್ಲ, ಹಾಗಾಗಿ "ಎಲ್ಲಾ". ಅವರು ಹೇಳಿದ್ದೇ ಸರಿ.

ಜಾಗ ಉಳಿಸಿದ್ದು ಹೆಚ್ಚಾಗಿ ದ್ವಿತೀಯಾ ವಿಭಕ್ತಿ. "ಬೀಗವನ್ನು ತೆಗೆಯಬೇಡಿ" ಅಂತ ಯಾರೂ ಮಾತಾಡಲ್ಲ, "ಬೀಗ ತೆಗೀಬೇಡಿ" ಅಂತೀವಿ. ವಸ್ತುಗಳಿಗೆ "ಅನ್ನು" ಬಿಟ್ರೆ ಒಂದೊಂದು ಕಡೆ ಐದು ಕ್ಯಾರೆಕ್ಟರ್ ಉಳಿಯುತ್ತೆ, ಇಡೀ ಫೈಲಲ್ಲಿ ಇನ್ನೂರು ಕಡೆ ಆದ್ರೂ ಬಿಟ್ಟಿದೀನಿ. ಮನುಷ್ಯರ ವಿಷಯಕ್ಕೆ ಬಿಡೋಕಾಗಲ್ಲ, "ಹೆಲ್ಪರ್‌ನ ಕರೀರಿ" ಅನ್ನಲೇಬೇಕು. "ದಯವಿಟ್ಟು" ಎಲ್ಲಾ ಕಡೆ ತೆಗೆದೆ, "-ಇರಿ", "-ಇ" ಅಂತ ಮುಗಿಯೋ ರೂಪದಲ್ಲೇ ಮರ್ಯಾದೆ ಇದೆ. ಏಜೆನ್ಸಿಯ ಪ್ರಾಜೆಕ್ಟ್ ಮ್ಯಾನೇಜರಿಗೆ ಇದು ಪ್ರೊಫೆಷನಲ್ ಅನ್ನಿಸಲಿಲ್ಲ, ಗ್ರಂಥಭಾಷೆ ಬೇಕಿತ್ತು. ಕ್ಯಾಂಟೀನ್‌ನಲ್ಲಿ ತೆಗೆದ ರೆಕಾರ್ಡಿಂಗ್ ಕಳಿಸಿದೆ, ಆಮೇಲೆ ಆ ಮಾತು ಬರಲಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗ. ವಿಡಿಯೋದಲ್ಲಿ ಬೀಗದ ಜೊತೆ ತೂಗೋ ಟ್ಯಾಗ್ ಮೇಲೆ DO NOT OPERATE ಅಂತ ಇರುತ್ತೆ, ಅದಕ್ಕೂ ಕನ್ನಡ ಬೇಕು, ಅದೇ ಹೊತ್ತಿಗೆ ನರೇಷನ್ನೂ ಓಡ್ತಿರುತ್ತೆ. ಟ್ಯಾಗಿನ ಮಾತನ್ನ ಮೇಲ್ಗಡೆ ಕೂರಿಸಿ ನೋಡಿದೆ, ಕಣ್ಣು ಮೇಲೆ ಕೆಳಗೆ ಓಡಾಡಿ ಎರಡೂ ಓದೋಕಾಗ್ತಿರಲಿಲ್ಲ. ಕೊನೆಗೆ ನರೇಷನ್ ಟೈಟಲ್‌ನ ಒಂದು ಸಾಲಿಗೆ ಇಳಿಸಿ, ಟ್ಯಾಗ್ ಕ್ಲೋಸಪ್ ಬರೋ ಎರಡು ಸೆಕೆಂಡ್ ಪೂರ್ತಿ "ಚಾಲೂ ಮಾಡಬೇಡಿ" ಒಂದಕ್ಕೇ ಬಿಟ್ಟೆ.

ಫಾಂಟ್ ವಿಷಯ ಒಂದು. ಎರಡು ಸಾಲಿದ್ದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತೆ, "ಸ್ಕ್ರೂ", "ಸ್ಟ್ರಾಪ್" ಥರದ್ದು ಬಂದಾಗ ನೋಡಿ. ನಾನು ಅಂಥ ಪದ ಆದಷ್ಟು ಕೆಳಸಾಲಿಗೆ ತಳ್ತೀನಿ. ಸಬ್‌ಟೈಟಲ್‌ನ ವಿಡಿಯೋ ಚಿತ್ರದೊಳಗೇ ಬರ್ನ್ ಮಾಡುವಾಗ ಸಾಲಿನ ಅಂತರಕ್ಕೆ ನಾನು ಮಾಡೋ ಸೆಟ್ಟಿಂಗ್ ಇಲ್ಲಿ ಬರೆಯಲ್ಲ, ಅದೇ ನನ್ನ ಹೊಟ್ಟೆಪಾಡು. ಶಾಪ್‌ಫ್ಲೋರ್ ಪದಗಳ ಪಟ್ಟೀನೂ ಅಷ್ಟೆ, ಮುನ್ನೂರರ ಹತ್ರ ಆಗಿದೆ.

ನಾಲ್ಕನೇ ಫೈಲ್ ಒಂದೇ ಒಂದು ತಿದ್ದುಪಡಿ ಇಲ್ಲದೆ ಪಾಸಾಯ್ತು. ಅದಾದ್ಮೇಲೆ ನಿಮಿಷಕ್ಕೆ 260 ಕೇಳಿದೆ, ಕೊಟ್ರು. ಫೈನಲ್ ವಿಡಿಯೋನ ಅದೇ ಕ್ಯಾಂಟೀನ್‌ನಲ್ಲಿ ಸೌಂಡ್ ಇಲ್ಲದೆ ಇನ್ನೊಂದು ಸಲ ಹಾಕಿದಾಗ, ಮೊದಲನೇ ದಿನ ಏನೂ ಹೇಳದೆ ಕೂತಿದ್ದ ಹಿರಿಯ ಫಿಟ್ಟರ್ ಒಬ್ಬರು ಟೈಟಲ್ ಮಾಯ ಆಗೋ ಮೊದಲೇ ಪಕ್ಕದ ಹುಡುಗನಿಗೆ ಹೇಳಿದ್ರು: "ನೋಡು, ಬೀಗ ಹಾಕಿದೋನೇ ತೆಗೀಬೇಕು ಅಂತೈತೆ."