ಬಾಕಿ ಡಿವಿಡೆಂಡ್ ಎಲ್ಲಿಗೆ ಸೇರುತ್ತದೆ: ಆದ್ಯತಾ ಷೇರನ್ನು ಸಾಲವೆಂದು ತೋರಿಸಿದ ನನ್ನ ಅನುಭವ

ನಾನು ಲೆಕ್ಕಪತ್ರಗಳ ಹೊಣೆ ಹೊತ್ತಿದ್ದ ಒಂದು ಮಧ್ಯಮ ಗಾತ್ರದ ಕಂಪನಿ, ಆ ವರ್ಷದ ಆರಂಭದಲ್ಲಿ ತಲಾ 100 ಮುಖಬೆಲೆಯ ಒಂದು ಲಕ್ಷ ಆದ್ಯತಾ ಷೇರುಗಳನ್ನು ಒಬ್ಬನೇ ಹೂಡಿಕೆದಾರನಿಗೆ ನೀಡಿ ಒಂದು ಕೋಟಿಯನ್ನು ಪಡೆದುಕೊಂಡಿತ್ತು. ಡಿವಿಡೆಂಡ್ ಶೇಕಡ 10, ಸಂಚಿತ, ಅಂದರೆ ಒಂದು ವರ್ಷ ಕೊಡದಿದ್ದರೆ ಅದು ಬಾಕಿಯಾಗಿ ಉಳಿಯುತ್ತದೆ. ಐದನೆಯ ವರ್ಷದ ಕೊನೆಯಲ್ಲಿ ಕಂಪನಿ ಷೇರುಗಳನ್ನು ಮುಖಬೆಲೆಗೆ ಹಿಂಪಡೆದು ಹಣ ಮರಳಿಸಬೇಕು, ವಿಮೋಚನೆ ಎನ್ನುವುದು ಇದಕ್ಕೇ. ಹಣ ಬಂದ ದಿನ ನಾನು ಅದನ್ನು ಷೇರು ಬಂಡವಾಳದ ಶೀರ್ಷಿಕೆಯಡಿ ಬರೆದುಕೊಂಡೆ. ಷೇರು ಎಂಬ ಹೆಸರಿದೆ, ಷೇರು ಪ್ರಮಾಣಪತ್ರವಿದೆ, ಸದಸ್ಯರ ನೋಂದಣಿ ಪುಸ್ತಕದಲ್ಲಿ ಹೂಡಿಕೆದಾರನ ಹೆಸರಿದೆ. ಅಷ್ಟು ಸಾಕೆಂದು ಅಂದು ನನಗೆ ತೋರಿತ್ತು.

ವರ್ಷಾಂತ್ಯಕ್ಕೆ ಆರು ವಾರ ಇರುವಾಗ ಹಣಕಾಸು ಪಟ್ಟಿಗಳ ಕರಡು ತಯಾರಿಸಲು ಕುಳಿತಾಗ ತಪ್ಪು ಕಣ್ಣಿಗೆ ಬಿತ್ತು. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 32 ಪತ್ರದ ಹೆಸರನ್ನು ನೋಡುವುದಿಲ್ಲ, ಅದರೊಳಗಿನ ಕರಾರು ಯಾರ ಮೇಲೆ ಯಾವ ಬಾಧ್ಯತೆಯನ್ನು ಹೊರಿಸುತ್ತದೆ ಎಂಬುದನ್ನು ನೋಡುತ್ತದೆ. ನಿಗದಿತ ದಿನಾಂಕದಂದು ನಿಗದಿತ ಮೊತ್ತವನ್ನು ಮರಳಿಸಲೇಬೇಕಾದ ಆದ್ಯತಾ ಷೇರು, ಅಥವಾ ತನ್ನ ಷೇರನ್ನು ಹಿಂಪಡೆಯಿರಿ ಎಂದು ಕೇಳುವ ಹಕ್ಕನ್ನು ಷೇರುದಾರನಿಗೇ ಕೊಟ್ಟಿರುವ ಆದ್ಯತಾ ಷೇರು, ಕಂಪನಿಯ ಪಾಲಿಗೆ ಹಣಕಾಸು ಹೊಣೆ ಎಂದು ಅದು ನೇರವಾಗಿಯೇ ಹೇಳುತ್ತದೆ. ನಮ್ಮ ಷೇರು ಮೊದಲನೆಯ ಬಗೆಯದು.

ಇದನ್ನು ನಮ್ಮ ನಿರ್ದೇಶಕರೊಬ್ಬರಿಗೆ ವಿವರಿಸಿದಾಗ ಅವರು, "ಲಾಭವಾಗಲಿ ಮೀಸಲು ನಿಧಿಯಾಗಲಿ ಇಲ್ಲದಿದ್ದರೆ ಕಾನೂನೇ ನಮಗೆ ಹಣ ಮರಳಿಸಲು ಬಿಡುವುದಿಲ್ಲವಲ್ಲ, ಹಾಗಿರುವಾಗ ಅದು ಸಾಲ ಹೇಗಾಗುತ್ತದೆ?" ಎಂದು ಕೇಳಿದರು. ಪ್ರಶ್ನೆ ಸಹಜವಾದದ್ದು, ಅನೇಕರು ಎಡವುವುದೂ ಇಲ್ಲಿಯೇ. ಆದರೆ ಮಾನದಂಡದ ಅನ್ವಯ ಮಾರ್ಗದರ್ಶಿ ಇದಕ್ಕೆ ಮೊದಲೇ ಉತ್ತರ ಕೊಟ್ಟಿದೆ: ಕೈಯಲ್ಲಿ ಹಣವಿಲ್ಲದಿರುವುದು, ಲಾಭ ಸಾಲದಿರುವುದು, ಕಾನೂನಿನ ನಿರ್ಬಂಧ ಅಡ್ಡ ಬರುವುದು, ಇವು ಯಾವುವೂ ಬಾಧ್ಯತೆಯನ್ನು ಅಳಿಸುವುದಿಲ್ಲ. ತೀರಿಸಲಾಗದ ಸಾಲವೂ ಸಾಲವೇ. "ಸರ್, ಕೊಡಲು ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಕೊಡುವುದಿಲ್ಲ ಎನ್ನುವ ಹಕ್ಕು ನಮಗಿದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ" ಎಂದು ಅವರಿಗೆ ಹೇಳಿದೆ. ಆ ಹಕ್ಕು ನಮಗಿರಲಿಲ್ಲ.

ಇಷ್ಟಾದ ಮೇಲೆ ನಾನು ಮಾಡಿದ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಸೂಕ್ಷ್ಮವಾದದ್ದು. ಷೇರು ನೀಡಿಕೆಯ ಮುಖ್ಯ ಪತ್ರದಲ್ಲಿ ಡಿವಿಡೆಂಡನ್ನು ಪ್ರತಿ ವರ್ಷ ನಿರ್ದೇಶಕ ಮಂಡಳಿಯ ತೀರ್ಮಾನದಂತೆ ಘೋಷಿಸಲಾಗುವುದು ಎಂದಿತ್ತು. ಅಂದರೆ ಅಸಲನ್ನು ಮರಳಿಸುವುದು ಕಡ್ಡಾಯ, ಡಿವಿಡೆಂಡ್ ಮಾತ್ರ ನಮ್ಮ ಇಚ್ಛೆಗೆ ಬಿಟ್ಟದ್ದು ಎಂದು ಓದಿಕೊಂಡೆ. ಅಂಥ ಷೇರು ಮಾನದಂಡದ ಪ್ರಕಾರ ಸಂಯುಕ್ತ ಪತ್ರ: ಅದರ ಒಂದು ಭಾಗ ಸಾಲ, ಉಳಿದದ್ದು ಈಕ್ವಿಟಿ. "ಸಂಚಿತ" ಎಂಬ ಮಾತನ್ನು ಕಂಡರೂ, ಸಾಮಾನ್ಯ ಷೇರುದಾರರಿಗೆ ಡಿವಿಡೆಂಡ್ ಕೊಡುವ ಮೊದಲು ಇವರ ಹಳೆಯ ಬಾಕಿ ತೀರಬೇಕು ಎಂಬ ಸರದಿಯ ಮಾತಷ್ಟೇ ಅದೆಂದು ಭಾವಿಸಿದೆ.

ಹೀಗೆ ಓದಿಕೊಂಡು ವಿಭಜನೆಯ ಲೆಕ್ಕ ಹಾಕಿದೆ (ಮುಂದಿನ ಅಂಕಿಗಳೆಲ್ಲ ಲಕ್ಷಗಳಲ್ಲಿವೆ). ಇಂಥದೇ ಅವಧಿಗೆ, ಇಂಥದೇ ಭದ್ರತೆಯಿಲ್ಲದ ಸಾಲವನ್ನು ಕಂಪನಿ ಮಾರುಕಟ್ಟೆಯಲ್ಲಿ ಪಡೆದಿದ್ದರೆ ಬಡ್ಡಿ ಶೇಕಡ 10 ಆಗುತ್ತಿತ್ತು. ಐದು ವರ್ಷದ ನಂತರ ಕೊಡಬೇಕಾದ 100ರ ಪ್ರಸ್ತುತ ಮೌಲ್ಯ ಆ ದರದಲ್ಲಿ 62.09. ಅದು ಸಾಲದ ಭಾಗ, ಉಳಿದ 37.91 ಈಕ್ವಿಟಿ. ಮೊದಲ ವರ್ಷ ಸಾಲದ ಭಾಗದ ಮೇಲೆ 6.21 ಬಡ್ಡಿಯನ್ನು ಲಾಭ-ನಷ್ಟ ಪಟ್ಟಿಗೆ ಖರ್ಚು ಹಾಕಿದರೆ ಹೊಣೆ 68.30ಕ್ಕೆ ಏರುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಬೆಳೆದು ಐದನೆಯ ವರ್ಷದ ಕೊನೆಗೆ ಸರಿಯಾಗಿ 100 ತಲುಪುತ್ತದೆ. ಮಂಡಳಿ ಇಚ್ಛಿಸಿ ಕೊಡುವ 10 ಡಿವಿಡೆಂಡ್ ಈಕ್ವಿಟಿ ಭಾಗಕ್ಕೆ ಸೇರಿದ್ದಾದ್ದರಿಂದ ಖರ್ಚಾಗದೆ ಲಾಭದ ಹಂಚಿಕೆಯಾಗುತ್ತದೆ.

ಕರಡನ್ನು ನೋಡಿದ ಲೆಕ್ಕಪರಿಶೋಧಕರು ಅಂಕಿಗಳ ಬಗ್ಗೆ ಏನೂ ಹೇಳಲಿಲ್ಲ. "ಒಂದು ವರ್ಷ ಡಿವಿಡೆಂಡ್ ಕೊಡಲಿಲ್ಲ ಎಂದಿಟ್ಟುಕೊಳ್ಳಿ, ಆ ಬಾಕಿ ಕೊನೆಗೆ ಎಲ್ಲಿಗೆ ಸೇರುತ್ತದೆ?" ಎಂದಷ್ಟೇ ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ಮುಖ್ಯ ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಹೂಡಿಕೆ ಒಪ್ಪಂದದ ಅನುಬಂಧದಲ್ಲಿ, ನೋಟಿಸು ಕಳಿಸುವ ವಿಳಾಸಗಳ ಪಟ್ಟಿಗೆ ಸ್ವಲ್ಪ ಮೊದಲು, ಆ ವಾಕ್ಯ ಸಿಕ್ಕಿತು: ವಿಮೋಚನೆಯ ದಿನ ಮುಖಬೆಲೆಯೊಂದಿಗೆ, ಘೋಷಿಸಿರಲಿ ಬಿಡಲಿ, ಅಲ್ಲಿಯವರೆಗಿನ ಎಲ್ಲ ಬಾಕಿ ಡಿವಿಡೆಂಡನ್ನೂ ಸೇರಿಸಿ ಪಾವತಿಸತಕ್ಕದ್ದು.

ಆ ವಾಕ್ಯದ ಮುಂದೆ ನನ್ನ ವಿಭಜನೆ ನಿಲ್ಲಲಿಲ್ಲ. ಡಿವಿಡೆಂಡನ್ನು ಮುಂದೂಡುವ ಸ್ವಾತಂತ್ರ್ಯ ಮಂಡಳಿಗೆ ಇತ್ತೇ ಹೊರತು ತಪ್ಪಿಸಿಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ. ಕೊಡದೆ ಉಳಿದದ್ದು ವಿಮೋಚನಾ ಮೊತ್ತಕ್ಕೆ ಸೇರಿಕೊಳ್ಳುವುದಾದರೆ ಇಡೀ ಪತ್ರವೇ ಹೊಣೆ, ಅದರ ಡಿವಿಡೆಂಡ್ ಬಡ್ಡಿ ಖರ್ಚು ಎಂದು ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುತ್ತದೆ. ಸಂಚಿತ ಎಂಬ ಪದ ತಾನಾಗಿ ಷೇರನ್ನು ಸಾಲವಾಗಿಸುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ವಿಮೋಚನೆಯ ಬಾಧ್ಯತೆಯೇ ಇಲ್ಲದ ಸಂಚಿತ ಆದ್ಯತಾ ಷೇರಿನಲ್ಲಿ ಬಾಕಿ ಎಷ್ಟೇ ಬೆಳೆದರೂ, ಅದನ್ನು ಘೋಷಿಸುವುದು ಮಂಡಳಿಯ ಇಚ್ಛೆಗೆ ಬಿಟ್ಟದ್ದಾಗಿದ್ದು ಕಂಪನಿ ಮುಚ್ಚಿದಾಗ ಮಾತ್ರ ಅದು ಸಲ್ಲುವುದಾದರೆ, ಷೇರು ಈಕ್ವಿಟಿಯಾಗಿಯೇ ಉಳಿಯುತ್ತದೆ. ಹಿಂದೆ ಪ್ರತಿ ವರ್ಷ ಕೊಟ್ಟುಕೊಂಡು ಬಂದಿದ್ದೇವೆ, ಮುಂದೆಯೂ ಕೊಡುವ ಉದ್ದೇಶವಿದೆ ಎಂಬುದರಿಂದಲೂ ಆ ವರ್ಗೀಕರಣ ಬದಲಾಗದು. ಬಾಕಿಯನ್ನು ಕಟ್ಟಿಹಾಕುವ ದಿನಾಂಕವೊಂದು ಕರಾರಿನಲ್ಲಿ ಇದೆಯೇ ಎಂಬುದೇ ಮುಖ್ಯ.

ಪರಿಣಾಮ ಕಾಗದದ ಮೇಲಷ್ಟೇ ಉಳಿಯಲಿಲ್ಲ. ವರ್ಷಾಂತ್ಯದ ಅಂದಾಜಿನಂತೆ ನಮ್ಮ ಬ್ಯಾಂಕ್ ಸಾಲ 400, ಸಾಮಾನ್ಯ ಷೇರುದಾರರ ಪಾಲಿನ ಈಕ್ವಿಟಿ 250. ಆದ್ಯತಾ ಷೇರನ್ನು ಈಕ್ವಿಟಿಯಲ್ಲಿ ಇಟ್ಟಿದ್ದಾಗ ಸಾಲ ಮತ್ತು ಈಕ್ವಿಟಿಯ ಅನುಪಾತ 400ಕ್ಕೆ 350, ಅಂದರೆ 1.14. ವಿಭಜನೆ ಸರಿಯಾಗಿದ್ದಿದ್ದರೆ ಅದು 1.66 ಆಗುತ್ತಿತ್ತು. ಪೂರ್ತಿ ಹೊಣೆಯಾದಾಗ 500ಕ್ಕೆ 250, ಅಂದರೆ 2. ವರ್ಷಾಂತ್ಯದಲ್ಲಿ ಈ ಅನುಪಾತ 1.75 ಮೀರಬಾರದೆಂದು ಬ್ಯಾಂಕಿನ ಸಾಲಪತ್ರ ಷರತ್ತು ಹಾಕಿತ್ತು. ಲಾಭವೂ ಇಳಿಯಿತು: ಮೊದಲ ಕರಡಿನಲ್ಲಿ 24 ಇದ್ದದ್ದು, ಡಿವಿಡೆಂಡಿನ 10 ಬಡ್ಡಿ ಖರ್ಚಾದ ಮೇಲೆ 14ಕ್ಕೆ ಬಂತು. ಲೆಕ್ಕದಲ್ಲಿ ಬಡ್ಡಿಯೆಂದು ಕರೆದ ಮಾತ್ರಕ್ಕೆ ತೆರಿಗೆಯಲ್ಲಿ ಅದಕ್ಕೆ ಕಡಿತ ಸಿಗುತ್ತದೆಂದು ನಾವು ಎಣಿಸಲಿಲ್ಲ. ತೆರಿಗೆ ತನ್ನದೇ ಕಾನೂನಿನಂತೆ ನಡೆಯುತ್ತದೆ.

ಆ ಆರು ವಾರಗಳು ನಮಗೆ ಒದಗಿದ್ದು ಇಲ್ಲಿ. ವರ್ಷಾಂತ್ಯದ ದಿನ ಷರತ್ತು ಮುರಿದು ಸಾಲ ಕೇಳಿದೊಡನೆ ಮರಳಿಸಬೇಕಾದ ಸ್ಥಿತಿಗೆ ಬಂದರೆ, ಬ್ಯಾಂಕು ಆಮೇಲೆ ಒಪ್ಪಿ ಪತ್ರ ಕೊಟ್ಟರೂ ಆ ಸಾಲವನ್ನು ಅಲ್ಪಾವಧಿ ಹೊಣೆಯೆಂದೇ ತೋರಿಸಬೇಕು. ಆದ್ದರಿಂದ ಮರುವಾರವೇ ಬ್ಯಾಂಕಿನ ಮುಂದೆ ಎರಡೂ ಲೆಕ್ಕಗಳನ್ನಿಟ್ಟು, ನಗದು ಹರಿವಿನಲ್ಲಿ ಏನೂ ಬದಲಾಗಿಲ್ಲ, ವರ್ಗೀಕರಣ ಮಾತ್ರ ಬದಲಾಗಿದೆ ಎಂದು ವಿವರಿಸಿದೆವು. ಈ ಆದ್ಯತಾ ಷೇರುಗಳ ವಿಮೋಚನೆ ಬ್ಯಾಂಕ್ ಸಾಲ ತೀರಿದ ಮೇಲಷ್ಟೇ ನಡೆಯಬೇಕಿತ್ತು. ಅದನ್ನು ಪರಿಗಣಿಸಿ ಅನುಪಾತದ ಲೆಕ್ಕದಲ್ಲಿ ಇವನ್ನು ಸಾಲದ ಕಡೆಯಿಂದ ಹೊರಗಿಡಲು ಬ್ಯಾಂಕು ಒಪ್ಪಿತು. ತಿದ್ದುಪಡಿ ಪತ್ರಕ್ಕೆ ಸಹಿ ಬಿದ್ದಾಗ ವರ್ಷಾಂತ್ಯಕ್ಕೆ ಇನ್ನೂ ಒಂಬತ್ತು ದಿನ ಬಾಕಿ ಇತ್ತು. ಅನುಪಾತ 1.6ಕ್ಕೆ, ಅಂದರೆ 400ಕ್ಕೆ 250ಕ್ಕೆ ಬಂತು.

ಮೊದಲ ಎರಡು ವರ್ಷ ಡಿವಿಡೆಂಡ್ ಕೊಟ್ಟೆವು. ಎರಡನೆಯ ವರ್ಷದ ಕೊನೆಗೆ ವ್ಯಾಪಾರ ಕುಗ್ಗಿದ್ದರಿಂದ ಮುಂದಿನ ಮೂರು ವರ್ಷ ಕೊಡುವುದಿಲ್ಲವೆಂದು ಮಂಡಳಿ ನಿರ್ಧರಿಸಿತು. ಘೋಷಣೆಯಿಲ್ಲದ ಮೇಲೆ ಬರೆಯುವುದೇನೂ ಇಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಈಕ್ವಿಟಿಯಾಗಿದ್ದರೆ ಅವರ ಮಾತು ಸರಿ. ಆದರೆ ಹೊಣೆಯಲ್ಲಿ ಪಾವತಿಯ ವೇಳೆ ಬದಲಾದರೆ ಹೊಸ ನಗದು ಹರಿವನ್ನು ಮೂಲ ಪರಿಣಾಮಕಾರಿ ದರದಲ್ಲಿಯೇ ಮತ್ತೆ ಲೆಕ್ಕ ಹಾಕಬೇಕು. ನಮ್ಮ ಕರಾರಿನಲ್ಲಿ ಬಾಕಿಯ ಮೇಲೆ ಬಡ್ಡಿ ಇರಲಿಲ್ಲ. ಐದನೆಯ ವರ್ಷದ ಕೊನೆಗೆ ಒಟ್ಟಿಗೆ 130 ಕೊಡಬೇಕು. ಮೂರು ವರ್ಷ ದೂರದ ಆ 130ರ ಪ್ರಸ್ತುತ ಮೌಲ್ಯ ಶೇಕಡ 10ರಂತೆ 97.67. ಪುಸ್ತಕದಲ್ಲಿದ್ದ 100ಕ್ಕೂ ಇದಕ್ಕೂ ಇರುವ 2.33ರ ವ್ಯತ್ಯಾಸ ಆ ವರ್ಷದ ಲಾಭ-ನಷ್ಟ ಪಟ್ಟಿಯಲ್ಲಿ ಲಾಭವಾಗಿ ಬಂತು. ಆಮೇಲೆ ಹೊಣೆ 107.44, 118.18, ಕೊನೆಗೆ 130 ಎಂದು ಏರಿತು, ಆ ಏರಿಕೆಯೆಲ್ಲ ಬಡ್ಡಿ ಖರ್ಚಾಯಿತು. ಡಿವಿಡೆಂಡ್ ನಿಲ್ಲಿಸಿದ ವರ್ಷಗಳಲ್ಲಿಯೇ ಖರ್ಚು ಹೆಚ್ಚುತ್ತಿರುವುದನ್ನು ಕಂಡು ಮಂಡಳಿ ಪ್ರತಿ ಸಲವೂ ಕೇಳುತ್ತಿತ್ತು, ನಾನು ಪ್ರತಿ ಸಲವೂ ಅನುಬಂಧದ ಅದೇ ವಾಕ್ಯವನ್ನು ಓದಿ ತೋರಿಸುತ್ತಿದ್ದೆ.

ಐದನೆಯ ವರ್ಷ ಆ ಷೇರುಗಳನ್ನು ವಿಮೋಚಿಸಿ ಹೊಸ ಆದ್ಯತಾ ಷೇರುಗಳನ್ನು ನೀಡುವಾಗ ಕರಡನ್ನು ನಾನೇ ಮೊದಲಿನಿಂದ ಓದಿದೆ. ವಿಮೋಚನೆ ಕಂಪನಿಯ ಆಯ್ಕೆ ಮಾತ್ರ. ಷೇರುದಾರನಿಗೆ ಕೇಳುವ ಹಕ್ಕಿಲ್ಲ, ನಿಗದಿತ ದಿನಾಂಕವೂ ಇಲ್ಲ. ಡಿವಿಡೆಂಡ್ ಸಂಚಿತವಾಗಿಯೇ ಉಳಿಯಿತು, ಆದರೆ ಬಾಕಿ ಸಲ್ಲುವುದು ಮಂಡಳಿ ಘೋಷಿಸಿದರೆ, ಕಂಪನಿ ತಾನಾಗಿ ವಿಮೋಚಿಸಿದರೆ, ಇಲ್ಲವೇ ಕಂಪನಿ ಮುಚ್ಚಿದರೆ ಮಾತ್ರ. ಬಾಕಿ ಇರುವವರೆಗೆ ಸಾಮಾನ್ಯ ಷೇರಿಗೆ ಡಿವಿಡೆಂಡ್ ಇಲ್ಲ ಎಂಬ ಷರತ್ತಿಗೆ ಒಪ್ಪಿದೆವು, ಏಕೆಂದರೆ ಸಾಮಾನ್ಯ ಡಿವಿಡೆಂಡ್ ಕೊಡುವುದೂ ನಮ್ಮ ಇಚ್ಛೆಯೇ. ಕಂಪನಿಯ ಒಡೆತನ ಬದಲಾದರೆ ಕಡ್ಡಾಯವಾಗಿ ವಿಮೋಚಿಸಬೇಕೆಂಬ ಒಂದು ಷರತ್ತನ್ನು ಹೂಡಿಕೆದಾರರ ವಕೀಲರು ಕೊನೆಯ ಗಳಿಗೆಯಲ್ಲಿ ಸೇರಿಸಿದ್ದರು. ನಮ್ಮಲ್ಲಿ ಒಡೆತನದ ಮಾರಾಟ ಷೇರುದಾರರ ಕೈಯಲ್ಲಿದ್ದು ಕಂಪನಿ ಅದನ್ನು ತಡೆಯಲಾರದು. ಅಂಥ ಘಟನೆಯ ಮೇಲೆ ನಿಂತ ವಿಮೋಚನೆ ಮತ್ತೆ ಹೊಣೆಯನ್ನೇ ತರುತ್ತದೆಂದು ತೋರಿಸಿ ಅದನ್ನು ತೆಗೆಸಿದೆ. ಹೀಗೆ ಇಡೀ ಮೊತ್ತ ಈಕ್ವಿಟಿಯಲ್ಲಿ ನಿಂತಿತು. ಮಂಡಳಿ ಮುಂದೊಂದು ದಿನ ವಿಮೋಚನೆಯ ನಿರ್ಧಾರ ಮಾಡಿ ಷೇರುದಾರರಿಗೆ ವಿಧಿವತ್ತಾಗಿ ನೋಟಿಸು ಕೊಟ್ಟರೆ ಅಂದಿನಿಂದ ಅದು ಹೊಣೆ. ಆದ್ದರಿಂದ ಅಂಥ ನೋಟಿಸು ಹೊರಡುವ ಮೊದಲು ಲೆಕ್ಕಪತ್ರ ವಿಭಾಗಕ್ಕೆ ತಿಳಿಸಬೇಕೆಂದು ಕಂಪನಿ ಕಾರ್ಯದರ್ಶಿಯವರ ಕಡತದಲ್ಲಿ ಬರೆಸಿಟ್ಟಿದ್ದೇನೆ.