9,999ರ ಆಫರ್ ಹಾಕಿ ಕೈ ಸುಟ್ಟುಕೊಂಡ ಮೇಲೆ

ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆಯ ಮೊದಲ ಮಹಡಿಯ ಹಾಲ್ ಬಾಡಿಗೆ ಹಿಡಿದು ಯೋಗ ಕ್ಲಾಸ್ ನಡೆಸುತ್ತೇನೆ. ಒಂದು ಬ್ಯಾಚಿಗೆ 14 ಮ್ಯಾಟ್ ಹಿಡಿಸುತ್ತವೆ, ದಿನಕ್ಕೆ ಐದು ಬ್ಯಾಚ್. ತಿಂಗಳ ಫೀಸು 1,500. ಆಗ 50 ಜನ ಬರುತ್ತಿದ್ದರು, ಅಂದರೆ 75,000. ಬಾಡಿಗೆ, ಇನ್ನೊಬ್ಬ ಟೀಚರ್ ಸಂಬಳ, ಕರೆಂಟು, ಕ್ಲೀನಿಂಗ್ ಎಲ್ಲಾ ಸೇರಿ 54,000 ಖರ್ಚು. ಉಳಿದಿದ್ದು ನನ್ನ ಸಂಬಳ.

ಒಂದು ಜನವರಿಯಲ್ಲಿ ಪಕ್ಕದ ರಸ್ತೆಯ ಜಿಮ್‌ನ ಬೋರ್ಡು ನೋಡಿ ನಾನೂ ಆಫರ್ ಹಾಕಿದೆ. 18,000ದ ವರ್ಷದ ಫೀಸು ಬರೀ 9,999! ಪೋಸ್ಟರ್ ಮಾಡಿಸಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಅದೇ ಸಂಜೆ ನಾಲ್ಕು ವರ್ಷದಿಂದ ಬರುತ್ತಿರುವ ಒಬ್ಬರು ಮ್ಯಾಟ್ ಸುತ್ತುತ್ತಾ ಕೇಳಿದರು, "ಮೇಡಂ, ಹೊಸಬರಿಗೆ ಮಾತ್ರಾನಾ? ನಮಗಿಲ್ವಾ?" ಇಲ್ಲ ಅನ್ನೋಕೆ ನನ್ನ ಬಾಯಿ ಬರಲಿಲ್ಲ.

ಹೊಸಬರು 23 ಜನ ಸೇರಿದರು. ಹಳಬರಲ್ಲಿ 18 ಜನ ಅದೇ ಆಫರ್‌ಗೆ ಬದಲಾದರು. ಒಂದೇ ತಿಂಗಳಲ್ಲಿ ನಾಲ್ಕು ಲಕ್ಷ ದಾಟಿ ದುಡ್ಡು ಬಂತು. ಹೊಸ ಮ್ಯಾಟ್, ಯುಪಿಎಸ್, ಗೋಡೆಗೆ ಬಣ್ಣ ಅಂತ ಖುಷಿಯಾಗಿ ಖರ್ಚು ಮಾಡಿದೆ. ಫೆಬ್ರವರಿಯಿಂದ ತಿಂಗಳ ಫೀಸು ಕೊಡುವವರು 32 ಜನ ಮಾತ್ರ. 48,000 ಬರುತ್ತಿತ್ತು, ಹೋಗುತ್ತಿದ್ದುದು ಅದೇ 54,000. ಜುಲೈಗೆ ಬಾಡಿಗೆ ಕಟ್ಟೋಕೆ ತಮ್ಮನ ಹತ್ತಿರ ಸಾಲ ಕೇಳಿದೆ.

ಆಮೇಲೆ ನೋಟ್‌ಬುಕ್ ಹಿಡಿದು ಕೂತು ಲೆಕ್ಕ ಹಾಕಿದೆ. 9,999ನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 833. ಹೊಸ 23 ಜನರಿಂದ ತಿಂಗಳಿಗೆ ಸುಮಾರು 19,000 ಬಂದಂತಾಯಿತು. ಆದರೆ 18 ಹಳಬರು ತಲಾ 667 ಕಮ್ಮಿ ಕೊಟ್ಟರಲ್ಲ, ಅದರಲ್ಲಿ 12,000 ಹೋಯಿತು. ಅಂದರೆ 23 ಜನ ಜಾಸ್ತಿ ಆಗಿ ನನಗೆ ನಿಜಕ್ಕೂ ಸಿಕ್ಕಿದ್ದು ತಿಂಗಳಿಗೆ 7,000. ಅದಕ್ಕಾಗಿ ಬೆಳಗಿನ ಆರು ಗಂಟೆಯ ಬ್ಯಾಚಿನಲ್ಲಿ ಒಬ್ಬರ ಕೈ ಇನ್ನೊಬ್ಬರಿಗೆ ತಾಗುವ ಹಾಗಾಗಿತ್ತು. ಪೂರ್ತಿ ಫೀಸು ಕೊಡುತ್ತಿದ್ದ ಇಬ್ಬರು ಅದಕ್ಕೇ ಬಿಟ್ಟು ಹೋದರು. ವರ್ಷದ ಅಡ್ವಾನ್ಸ್ ನನ್ನ ಸಂಪಾದನೆ ಅಲ್ಲ, ಇನ್ನೂ ಹೇಳಿಕೊಡದ ಕ್ಲಾಸಿನ ದುಡ್ಡು ಅನ್ನೋದು ಆಗ ತಲೆಗೆ ಹೋಯಿತು.

ಹಾಜರಿ ಪುಸ್ತಕ ಇನ್ನೊಂದು ಕಥೆ ಹೇಳಿತು. ಆ 23 ಜನರಲ್ಲಿ ಮಾರ್ಚ್ ಕೊನೆಗೆ ವಾರಕ್ಕೆ ಎರಡು ದಿನವಾದರೂ ಬರುತ್ತಿದ್ದವರು ಎಂಟು ಜನ. ಬಾರದವರಿಂದ ನನಗೇನು ನಷ್ಟ ಅಂತ ಅನ್ನಿಸಬಹುದು. ಆದರೆ ಬಾರದವರು ಮತ್ತೆ ದುಡ್ಡು ಕಟ್ಟಲ್ಲ. ಬರುತ್ತಿದ್ದವರು ಡಿಸೆಂಬರ್‌ನಲ್ಲಿ ಕೇಳಿದ್ದು ಒಂದೇ, "ಈ ಸಲ ಆಫರ್ ಎಷ್ಟು ಮೇಡಂ?"

ಈಗ ವರ್ಷದ ಪ್ಲಾನೇ ಇಲ್ಲ. ತಿಂಗಳಿಗೆ 1,500, ಮೂರು ತಿಂಗಳಿಗೆ 4,200. ಈ 300 ರೂಪಾಯಿ ಡಿಸ್ಕೌಂಟ್ ಹಳಬರಿಗೂ ಹೊಸಬರಿಗೂ ಒಂದೇ, ವರ್ಷಪೂರ್ತಿ ಒಂದೇ. ಮೂರು ತಿಂಗಳ ದುಡ್ಡು ಬಂದ ಕೂಡಲೇ ಎರಡು ಭಾಗವನ್ನು ಬೇರೆ ಖಾತೆಗೆ ಹಾಕಿ, ತಿಂಗಳಿಗೊಂದು ಭಾಗ ತೆಗೆಯುತ್ತೇನೆ.

ದೊಡ್ಡ ಡಿಸ್ಕೌಂಟ್ ಕೊಡುವುದು ಒಂದೇ ಕಡೆ, ಹತ್ತೂವರೆಯ ಬ್ಯಾಚಿಗೆ. ಅಲ್ಲಿ 14 ಮ್ಯಾಟಿಗೆ ನಾಲ್ಕೇ ಜನ ಇರುತ್ತಿದ್ದರು. ಟೀಚರ್ ಸಂಬಳ, ಬಾಡಿಗೆ ಹೇಗೂ ಹೋಗುತ್ತೆ, ಅಲ್ವಾ? ಖಾಲಿ ಮ್ಯಾಟಿನ ಮೇಲೆ ಇನ್ನೊಬ್ಬರು ಕೂತರೆ ನನ್ನ ಖರ್ಚು ಏರಲ್ಲ. ಅದಕ್ಕೆ ಆ ಬ್ಯಾಚಿಗೆ ಮಾತ್ರ 1,100 ಮಾಡಿದೆ. ಮಕ್ಕಳನ್ನು ಸ್ಕೂಲಿಗೆ ಕಳಿಸಿ ಬರುವ ಅಮ್ಮಂದಿರು, ರಿಟೈರ್ ಆದವರು ಸೇರಿ ಈಗ 11 ಜನ ಇದ್ದಾರೆ. ಬೆಳಗಿನ ಬ್ಯಾಚಿನಿಂದ ಇಬ್ಬರು ಅಲ್ಲಿಗೆ ಜಾರಿದರು. ಅವರಿಂದ 800, ಮೊದಲೇ ಇದ್ದ ನಾಲ್ವರಿಂದ 1,600 ಹೋಯಿತು, ಹೊಸ ಐವರಿಂದ 5,500 ಬಂತು. ಬೆಳಗ್ಗೆ ಖಾಲಿಯಾದ ಆ ಎರಡು ಜಾಗಕ್ಕೆ ಪೂರ್ತಿ ಫೀಸಿನವರು ಕಾಯುತ್ತಿದ್ದರು. ಆರು ಗಂಟೆಗೆ ಬರುತ್ತೇನೆ, 1,100 ಕೊಡುತ್ತೇನೆ ಅಂದರೆ ಆಗಲ್ಲ ಅನ್ನುತ್ತೇನೆ.

ಚೌಕಾಸಿ ಮಾಡುವವರು ಇದ್ದೇ ಇರುತ್ತಾರೆ. "ಫೈನಲ್ ಎಷ್ಟು ಹೇಳಿ ಮೇಡಂ" ಅಂದರೆ ರೇಟು ಇಳಿಸಲ್ಲ, ದಿನ ಕೊಡುತ್ತೇನೆ. ಮೂರು ತಿಂಗಳು ಕಟ್ಟಿದವರು ಊರಿಗೆ ಹೋಗುವುದಿದ್ದರೆ ಮುಂಚೆ ಒಂದು ಮೆಸೇಜ್ ಹಾಕಿದರೆ ಸಾಕು, ಹತ್ತು ದಿನದವರೆಗೆ ಮುಂದಕ್ಕೆ ಹಾಕುತ್ತೇನೆ. ರೇಟು ಇಳಿಸಿದ ಸುದ್ದಿ ಒಂದೇ ದಿನದಲ್ಲಿ ಬ್ಯಾಚಿಗೆಲ್ಲ ಹಬ್ಬುತ್ತೆ. ದಿನ ಕೊಟ್ಟಿದ್ದಕ್ಕೆ ಯಾರೂ ಜಗಳ ಆಡಿಲ್ಲ.

ಬಗೆಹರಿಯದೇ ಉಳಿದಿರುವುದು ಏಪ್ರಿಲ್, ಮೇ. ಸ್ಕೂಲಿಗೆ ರಜೆ ಬಂದರೆ ಹತ್ತೂವರೆಯ ಬ್ಯಾಚು ಅರ್ಧ ಖಾಲಿ. ಹೋದ ವರ್ಷ ಆ ಹೊತ್ತಲ್ಲಿ ಮಕ್ಕಳ ಬ್ಯಾಚು ಶುರು ಮಾಡಿದೆ, ಆರು ಮಕ್ಕಳು ಬಂದರು. ಗಲಾಟೆಯಂತೂ ಅರವತ್ತು ಮಕ್ಕಳದ್ದು.