30 ಸಾಕು ಅಂತಾರೆ, ನಾನು ಎರಡೂ ಬಾಲ ಎಣಿಸಿ ನೋಡಿದೆ

ಸ್ಯಾಂಪಲ್‌ನಲ್ಲಿ 30 ಇದ್ದರೆ ಸಾಕು, ಸರಾಸರಿ ತಾನಾಗಿಯೇ ಗಂಟೆ ಆಕಾರಕ್ಕೆ ಬರುತ್ತದೆ ಅನ್ನೋ ಮಾತು ಸ್ಟ್ಯಾಟಿಸ್ಟಿಕ್ಸ್ ಕಲಿತವರೆಲ್ಲ ಕೇಳಿರುತ್ತೀರಿ. ಒಂದೇ ಕಡೆ ವಾಲಿರುವ ಡೇಟಾ ಮೇಲೆ ಅದನ್ನು ಪರೀಕ್ಷೆ ಮಾಡೋಣ ಅಂತ ಕೂತೆ. ಲಾಗರಿದಮ್ ತೆಗೆದರೆ ಗಂಟೆ ಆಕಾರಕ್ಕೆ, ಅಂದರೆ ನಾರ್ಮಲ್‌ಗೆ, ಬರುವ ಲಾಗ್‌ನಾರ್ಮಲ್ ಡೇಟಾ ಆರಿಸಿದೆ, ಯಾಕೆಂದರೆ ಅದರ ನಿಜವಾದ ಸರಾಸರಿ, ಹರಡುವಿಕೆ ಎಲ್ಲ ಸೂತ್ರದಿಂದಲೇ ಸಿಗುತ್ತವೆ. ಉತ್ತರ ಮೊದಲೇ ಗೊತ್ತಿದ್ದರೆ ತಾನೇ ತಪ್ಪು ಎಲ್ಲಿ ಅಂತ ಕಾಣೋದು?

ಇವು ಬಿಲ್ ಮೊತ್ತಗಳು ಅಂದುಕೊಳ್ಳಿ. ಅರ್ಧದಷ್ಟು ಬಿಲ್ 1,000 ರೂಪಾಯಿಗಿಂತ ಕಡಿಮೆ, ಆದರೆ ಸರಾಸರಿ ಸುಮಾರು 1,649. ನೂರರಲ್ಲಿ 69 ಬಿಲ್ ಸರಾಸರಿಗಿಂತ ಕೆಳಗೇ ಇರುತ್ತವೆ. ನೂರರಲ್ಲಿ ಒಂದು ಮಾತ್ರ 10,240 ದಾಟುತ್ತದೆ, ಸರಾಸರಿಯನ್ನು ಎಳೆದು ಮೇಲೆ ಕೂರಿಸೋದು ಇಂಥವೇ.

```python
import numpy as np
rng = np.random.default_rng(7)
x = rng.lognormal(np.log(1000), 1, size=(10000, 30))
m = x.mean(axis=1)
s = x.std(axis=1, ddof=1)
```

ಇಲ್ಲಿ ಎರಡು ಸಂಖ್ಯೆ ಇವೆ, ಜನ ಇವನ್ನು ಕಲಸಿಬಿಡುತ್ತಾರೆ. 30 ಅಂದರೆ ಒಂದು ಸ್ಯಾಂಪಲ್‌ನಲ್ಲಿ ಎಷ್ಟು ಬಿಲ್ ಅಂತ. 10000 ಅಂದರೆ ಅಂಥ ಸ್ಯಾಂಪಲ್ ಎಷ್ಟು ಸಲ ತೆಗೆದೆವು ಅಂತ. ಎರಡನೆಯದನ್ನು ಹತ್ತು ಲಕ್ಷ ಮಾಡಿದರೂ ಹಿಸ್ಟೋಗ್ರಾಮ್ ನುಣುಪಾಗುತ್ತದೆ ಅಷ್ಟೇ, ವಾಲು ಒಂಚೂರೂ ಕಡಿಮೆ ಆಗಲ್ಲ. 30ರ ಮಾತಿನ ಹಿಂದಿರುವ ಸೆಂಟ್ರಲ್ ಲಿಮಿಟ್ ಥಿಯರಮ್ ಹೇಳೋದು ಮೊದಲನೆಯದರ ಬಗ್ಗೆ.

ವಾಲು ಎಷ್ಟು ಅಂತ ಅಳೆಯೋದಕ್ಕೆ ಸ್ಕ್ಯೂನೆಸ್ ಇದೆ. ನಮ್ಮ ಬಿಲ್‌ಗಳದ್ದು 6.18. ಸರಾಸರಿಗಳ ಸ್ಕ್ಯೂನೆಸ್ ಬೇಕೆಂದರೆ ಅದನ್ನು ಒಂದು ಸ್ಯಾಂಪಲ್‌ನ ಬಿಲ್ ಸಂಖ್ಯೆ `n`ನ ವರ್ಗಮೂಲದಿಂದ ಭಾಗಿಸಬೇಕು. 30ಕ್ಕೆ 1.13 ಬರುತ್ತದೆ, 400ಕ್ಕೆ 0.31. ಅಂದರೆ ವಾಲು ಅರ್ಧ ಆಗಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಆಗಬೇಕು, ಸುಮ್ನೆ ಇನ್ನೊಂದು ಹತ್ತಿಪ್ಪತ್ತು ಸೇರಿಸಿದರೆ ಏನೂ ಆಗಲ್ಲ.

ಹಿಸ್ಟೋಗ್ರಾಮ್ ನೋಡಿ "ಗಂಟೆ ಥರಾನೇ ಇದೆ ಅಲ್ವಾ" ಅನ್ನೋದನ್ನು ನಾನು ನಂಬಲ್ಲ. ಕಣ್ಣು ನಡುಭಾಗ ನೋಡುತ್ತದೆ, ನಮಗೆ ಬೇಕಾಗಿರೋದು ಬಾಲ, ಅಂದರೆ ಎರಡು ತುದಿಗಳು. ಹಾಗಾಗಿ ಎಣಿಸಿದೆ. 30ಕ್ಕೆ ಸ್ಟ್ಯಾಂಡರ್ಡ್ ಎರರ್, ಅಂದರೆ ಸ್ಯಾಂಪಲ್ ಸರಾಸರಿಗಳ ಹರಡುವಿಕೆ, ಸುಮಾರು 395. ನಿಜ ಸರಾಸರಿಯಿಂದ ಅದರ 1.96 ಪಟ್ಟು ಆಚೆ ಹೋದ ಸ್ಯಾಂಪಲ್‌ಗಳು ನಾರ್ಮಲ್ ಆಗಿದ್ದರೆ ಪ್ರತಿ ಕಡೆ ನೂರಕ್ಕೆ ಎರಡೂವರೆ ಇರಬೇಕು. ಬಲಕ್ಕೆ ಸುಮಾರು 4 ಸಿಗುತ್ತವೆ, ಎಡಕ್ಕೆ ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ. ಎರಡೂ ಕಡೆ ಕೂಡಿಸಿದರೆ 4, ಬೇಕಾದ 5ಕ್ಕೆ ಹತ್ತಿರವೇ ಅಲ್ವಾ? ಕೂಡಿಸಿ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಬೇರೆ ಬೇರೆ ಎಣಿಸಿದರೆ ಮಾತ್ರ ಬಣ್ಣ ಬಯಲಾಗೋದು. 400ಕ್ಕೆ ಹೋದರೂ ಬಲಕ್ಕೆ 3ಕ್ಕಿಂತ ತುಸು ಜಾಸ್ತಿ, ಎಡಕ್ಕೆ 2ಕ್ಕಿಂತ ಕಡಿಮೆ.

ಇದು ಹರಡುವಿಕೆ ಮೊದಲೇ ಗೊತ್ತಿದ್ದಾಗಿನ ಮಾತು. ನಿಜ ಕೆಲಸದಲ್ಲಿ ಅದೂ ಗೊತ್ತಿರಲ್ಲ, ಅದೇ 30 ಬಿಲ್‌ಗಳಿಂದ ಹರಡುವಿಕೆಯ ಅಂದಾಜು `s` ಲೆಕ್ಕ ಹಾಕಿ, ಸ್ಯಾಂಪಲ್ ಸರಾಸರಿ `m`ನ ಎರಡೂ ಕಡೆ ನಿಜ ಸರಾಸರಿ ಇರಬಹುದಾದ ಅಂತರ ಕಟ್ಟಬೇಕು. ಆಗ ಕಥೆ ತಿರುಗುತ್ತದೆ. 30 ಬಿಲ್ ತೆಗೆದರೆ ಸುಮಾರು ನಾಲ್ಕರಲ್ಲಿ ಮೂರು ಸಲ ಆ 10,240 ದಾಟಿದ ಬಿಲ್ ಒಂದೂ ಸಿಗಲ್ಲ. ದೊಡ್ಡ ಬಿಲ್ ತಪ್ಪಿದಾಗ ಸರಾಸರಿ ಕೆಳಗೆ ಬರುತ್ತದೆ, ಜೊತೆಗೆ `s` ಕೂಡ ಕುಗ್ಗುತ್ತದೆ. ಅಂದರೆ ಉತ್ತರ ಕಡಿಮೆ ಬಂದಾಗಲೇ ನಮ್ಮ ಅಂತರವೂ ಕಿರಿದಾಗಿ, ನಿಜ ಸರಾಸರಿಯನ್ನು ಮುಟ್ಟದೆ ಕೆಳಗೇ ಉಳಿದುಬಿಡುತ್ತದೆ. `np.corrcoef(m, s)` ಹಾಕಿ ನೋಡಿ, ಎರಡೂ ಒಟ್ಟಿಗೇ ಏರಿಳಿಯುತ್ತವೆ. ನಾರ್ಮಲ್ ಡೇಟಾದಲ್ಲಿ ಇವೆರಡಕ್ಕೂ ಸಂಬಂಧವೇ ಇರಲ್ಲ, ಈ ಅಂತರ ಕಟ್ಟುವ `t` ಸೂತ್ರ ನಿಂತಿರೋದೇ ಅದರ ಮೇಲೆ. ಇಲ್ಲಿ ನೂರಕ್ಕೆ 95 ಅಂತ ಹೇಳಿಕೊಳ್ಳುವ ಅಂತರ ನಿಜ ಸರಾಸರಿಯನ್ನು ಹಿಡಿಯೋದು ನೂರಕ್ಕೆ 90ರ ಆಸುಪಾಸು, ತಪ್ಪಿದ್ದರಲ್ಲಿ ಹೆಚ್ಚುಪಾಲು ಒಂದೇ ದಿಕ್ಕಿಗೆ. ಬಜೆಟ್ ಹಾಕೋರಿಗೆ ಇದು ಕೆಟ್ಟ ದಿಕ್ಕು, ಖರ್ಚು ಇರೋದಕ್ಕಿಂತ ಕಡಿಮೆ ಕಾಣುತ್ತದೆ.

ಹಾಗಾದರೆ ಸ್ಯಾಂಪಲ್‌ನದೇ ಸ್ಕ್ಯೂನೆಸ್ ನೋಡಿ ಎಚ್ಚರ ಆಗಬಹುದಲ್ವಾ ಅಂದರೆ, ಅಲ್ಲೂ ಒಂದು ತಡೆ ಇದೆ. ಮಾಮೂಲಿ ಸೂತ್ರದಲ್ಲಿ 30 ಸಂಖ್ಯೆಗಳ ಸ್ಕ್ಯೂನೆಸ್ 5.2 ದಾಟೋದಕ್ಕೆ ಸಾಧ್ಯವೇ ಇಲ್ಲ, 29 ಸೊನ್ನೆ ಒಂದು ಕೋಟಿ ಇದ್ದರೂ ಅಷ್ಟೇ. ನಮ್ಮದು 6.18! 2 ಅಥವಾ 3 ಬಂದರೆ "ಪರವಾಗಿಲ್ಲ" ಅನ್ನಬೇಡಿ.

ಆಮೇಲೆ ಕೋಡ್‌ನಲ್ಲಿ `np.log(1000)` ಆದಮೇಲೆ ಬರುವ 1 ಅನ್ನು 2 ಮಾಡಿ ನೋಡಿದೆ. ಬಿಲ್‌ಗಳ ಸ್ಕ್ಯೂನೆಸ್ 414 ಆಗುತ್ತದೆ. ಮೊದಲಿನ ಡೇಟಾದಲ್ಲಿ 400 ಬಿಲ್‌ಗೆ ಸಿಕ್ಕಿದ 0.31 ಇಲ್ಲಿ ಸಿಗಬೇಕಾದರೆ ಒಂದು ಸ್ಯಾಂಪಲ್‌ಗೆ ಸುಮಾರು 18 ಲಕ್ಷ ಬಿಲ್ ಬೇಕು. ಥಿಯರಮ್ ಇಲ್ಲೂ ಸರಿಯೇ, ಅದು ಎಷ್ಟು ದೂರ ಹೋಗಬೇಕು ಅಂತ ಮಾತ್ರ ಹೇಳಲ್ಲ.